ಪಕ್ಕದ ಗೇಟಿನಿಂದ ಹೊರಟ ಮಗು: ಒಂದು ಬೇಸಿಗೆ ಶಿಬಿರದ ಪ್ರಕರಣ

ಹಳೆ ಮೈಸೂರು ಸೀಮೆಯ ಒಂದು ತಾಲ್ಲೂಕು ಕೇಂದ್ರ. ಅಲ್ಲಿನ ಒಂದು ಶಾಲೆಯ ಕಟ್ಟಡದಲ್ಲಿ ಬೇಸಿಗೆ ರಜೆಯಲ್ಲಿ ಮಕ್ಕಳ ಶಿಬಿರ ನಡೆಯುತ್ತಿತ್ತು. 6ರಿಂದ 14 ವರ್ಷದ 84 ಮಕ್ಕಳು. ಬೆಳಗ್ಗೆ 9:30ಕ್ಕೆ ಶುರು, ಸಂಜೆ 4:30ಕ್ಕೆ ಮುಕ್ತಾಯ. ನಾಟಕ, ಜೇಡಿಮಣ್ಣಿನ ಕೆಲಸ, ಹಾಡು, ಆಟ. ನಡೆಸುತ್ತಿದ್ದವರು ಊರಿನ ಕೆಲವು ಮೇಷ್ಟ್ರುಗಳು ಮತ್ತು ಕಾಲೇಜು ಓದುವ ಹುಡುಗ ಹುಡುಗಿಯರು. ಮಕ್ಕಳೆಂದರೆ ಜೀವ ಬಿಡುವ ಜನ. ಅಲ್ಲಿ ಒಂದು ಸಂಜೆ 7 ವರ್ಷದ ಹುಡುಗಿಯೊಬ್ಬಳು ಕಾಣೆಯಾದಳು. ಅದೇ ರಾತ್ರಿ ಕ್ಷೇಮವಾಗಿ ಸಿಕ್ಕಳು. ಆಮೇಲೆ ಆದದ್ದೇನು ಎಂದು ನೋಡಲು ಶಿಬಿರದ ಸಮಿತಿ ನನ್ನನ್ನು ಕರೆಯಿತು. ನನ್ನ ಕೆಲಸವೇ ಮಕ್ಕಳ ಶಿಬಿರಗಳಿಗೆ ಇಂಥ ವ್ಯವಸ್ಥೆ ಮಾಡಿಕೊಡುವುದು. ಊರು, ಶಾಲೆ, ಮನೆಯವರ ಹೆಸರು ಇಲ್ಲಿ ಬೇಡ. ನಡೆದದ್ದನ್ನು ಮಾತ್ರ ಬರೆಯುತ್ತೇನೆ.

ಆ ಸಂಜೆ

ಹುಡುಗಿಯನ್ನು ಶಿಬಿರಕ್ಕೆ ಸೇರಿಸಿದ್ದು ಅವಳ ತಾಯಿ. ಅರ್ಜಿಯಲ್ಲಿ "ಮಗುವನ್ನು ಕರೆದುಕೊಂಡು ಹೋಗುವವರು" ಎಂಬ ಕಡೆ ಮೂವರ ಹೆಸರು ಬರೆದಿದ್ದರು. ತಾವು, ತಮ್ಮ ತಂದೆ, ಪಕ್ಕದ ಮನೆಯ ಒಬ್ಬರು ಆಂಟಿ. ಮಗುವಿನ ತಂದೆಯ ಹೆಸರಿನ ಜಾಗ ಖಾಲಿ ಇತ್ತು. ಯಾರೂ ಯಾಕೆ ಎಂದು ಕೇಳಲಿಲ್ಲ. ಗಂಡ ಹೆಂಡತಿ ಬೇರೆಯಾಗಿ ಒಂದು ವರ್ಷದ ಮೇಲಾಗಿತ್ತು. ಕೌಟುಂಬಿಕ ನ್ಯಾಯಾಲಯದಲ್ಲಿ ಕೇಸು ನಡೆಯುತ್ತಿತ್ತು. ಈ ಅರ್ಜಿಗಳನ್ನೆಲ್ಲ ಒಂದು ಫೈಲಿಗೆ ಹಾಕಿ ಮುಖ್ಯೋಪಾಧ್ಯಾಯರ ಕೋಣೆಯ ಬೀರುವಿನಲ್ಲಿ ಇಟ್ಟಿದ್ದರು. ಸಂಜೆ ಗೇಟಿನ ಹತ್ತಿರ ನಿಲ್ಲುವ ಹುಡುಗರ ಕೈಗೆ ಆ ಫೈಲು ಒಂದು ದಿನವೂ ಬಂದಿರಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಶಿಬಿರದ ಫೋನಿಗೆ ಒಂದು ಕರೆ ಬಂತು. "ನಾನು ಮಗುವಿನ ತಂದೆ ಮಾತಾಡ್ತಿರೋದು. ಇವತ್ತು ಅವರಮ್ಮನಿಗೆ ಬರೋಕೆ ಆಗಲ್ಲ. ನನ್ನ ತಮ್ಮ ಬರ್ತಾನೆ, ಕಳಿಸಿಕೊಡಿ." ಫೋನ್ ತೆಗೆದ ಹುಡುಗಿ ಕರಪತ್ರದ ಹಿಂಬದಿಯಲ್ಲಿ ಮಗುವಿನ ಹೆಸರು ಬರೆದು, "ಚಿಕ್ಕಪ್ಪ ಬರ್ತಾರೆ, ಅಪ್ಪ ಹೇಳಿದ್ದಾರೆ" ಎಂದು ಸೇರಿಸಿ ಮೇಜಿನ ಗಾಜಿನ ಕೆಳಗೆ ಇಟ್ಟಳು. ಚೀಟಿಯಲ್ಲಿ ಸಮಯ ಇರಲಿಲ್ಲ, ಕರೆ ಬಂದ ನಂಬರೂ ಇರಲಿಲ್ಲ.

ನಾಲ್ಕು ಗಂಟೆ ಸುಮಾರಿಗೆ ಮಳೆ ಹಿಡಿಯಿತು. ಗಾಳಿ, ಗುಡುಗು, ಕರೆಂಟ್ ಹೋಯಿತು. ಬಯಲಲ್ಲಿದ್ದ ಮಕ್ಕಳನ್ನೆಲ್ಲ ಒಳಗೆ ಹಾಲಿಗೆ ಓಡಿಸಿದರು. ಮಳೆ ನೋಡಿ ಪೋಷಕರು ಬೇಗ ಬಂದರು. ದೊಡ್ಡ ಗೇಟಿನಿಂದ ಹಾಲ್‌ವರೆಗೆ ನೆನೆಯದೆ ಬರಲು ದಾರಿಯಿಲ್ಲ ಎಂದು ಯಾರೋ ಪಕ್ಕದ ಸಣ್ಣ ಗೇಟನ್ನೂ ತೆರೆದರು. ಸಹಾಯ ಮಾಡಲೆಂದೇ ತೆರೆದದ್ದು. ಕೊಡೆ ಹಿಡಿದವರು, ರೈನ್‌ಕೋಟಿನವರು, ಹೆಲ್ಮೆಟ್ ತೆಗೆಯದೆ ನಿಂತವರು ಎಲ್ಲ ಒಟ್ಟಿಗೆ ಬಾಗಿಲಿಗೆ ಮುತ್ತಿದರು. ಹೆಸರು ಕೂಗುವುದು, ಮಗು ಓಡಿ ಬರುವುದು, ಹೊರಡುವುದು, ಇಷ್ಟೇ.

ಚಿಕ್ಕಪ್ಪ ಬಂದು ಹೆಸರು ಹೇಳಿದಾಗ ಬಾಗಿಲಲ್ಲಿದ್ದ ಹುಡುಗನಿಗೆ ಗಾಜಿನ ಕೆಳಗಿನ ಚೀಟಿ ನೆನಪಾಯಿತು. ಆದರೂ ಅವನು ಸುಮ್ನೆ ಬಿಡಲಿಲ್ಲ. ಮಗುವನ್ನು ಕರೆದು ಕೇಳಿದ. "ಇವರು ಯಾರು ಪುಟ್ಟಿ?" ಮಗು ನಗುತ್ತಾ "ಚಿಕ್ಕಪ್ಪ" ಎಂದಿತು. ಇಬ್ಬರೂ ಪಕ್ಕದ ಗೇಟಿನಿಂದ ಹೊರಟರು. ಎದುರು ಅಂಗಡಿಯ ಕ್ಯಾಮೆರಾದಲ್ಲಿ ಆಗ ಸಮಯ 4:17.

ತಾಯಿ ಬಂದದ್ದು 4:35ಕ್ಕೆ. ಮಗು ಇಲ್ಲ. ಮುಂದಿನ ಅರ್ಧ ಗಂಟೆ ಶಿಬಿರದವರು ಹಾಲು, ಶೌಚಾಲಯ, ಹಿಂದಿನ ಬಯಲು, ಪಕ್ಕದ ಬೀದಿ ಎಲ್ಲ ಹುಡುಕಿದರು. ಚೀಟಿ ಬರೆದ ಹುಡುಗಿ ಊಟ ಬಡಿಸಿ ಮನೆಗೆ ಹೋಗಿದ್ದಳು. ಬಾಗಿಲಲ್ಲಿದ್ದ ಹುಡುಗ ದೂರದ ಮಕ್ಕಳನ್ನು ಬಸ್‌ಸ್ಟಾಂಡಿಗೆ ಬಿಡಲು ಹೋಗಿದ್ದ. ಉಳಿದವರಿಗೆ ಏನೂ ಗೊತ್ತಿಲ್ಲ. 112ಕ್ಕೆ ಕರೆ ಹೋದದ್ದು 5:10ಕ್ಕೆ. ಬಾಗಿಲಿನ ಹುಡುಗ ವಾಪಸ್ ಬಂದು "ಅವಳ ಚಿಕ್ಕಪ್ಪನ ಜೊತೆ ಕಳಿಸಿದೆನಲ್ಲ" ಎಂದಾಗಲೇ ಹುಡುಕಾಟಕ್ಕೆ ದಿಕ್ಕು ಸಿಕ್ಕಿದ್ದು. ರಾತ್ರಿ ಏಳೂವರೆ ಹೊತ್ತಿಗೆ ಮಗು ಪಕ್ಕದ ಊರಿನಲ್ಲಿ, ತಂದೆಯ ಕಡೆಯ ನೆಂಟರ ಮನೆಯಲ್ಲಿ ಸಿಕ್ಕಿತು. ತಂದೆಯೂ ಅಲ್ಲೇ ಇದ್ದರು. ಪೊಲೀಸ್ ಠಾಣೆಯಲ್ಲಿ ಮಾತಾಗಿ, ಮಗು ತಾಯಿಯ ಜೊತೆ ಮನೆಗೆ ಹೋಯಿತು. ತಾಯಿ ದೂರನ್ನು ಮುಂದುವರಿಸಲಿಲ್ಲ.

ಪುಸ್ತಕದಲ್ಲಿ ಕಂಡದ್ದು

ಆ ರಾತ್ರಿ ಪೊಲೀಸರು ಶಿಬಿರದವರಿಗೆ ಕೇಳಿದ್ದು ಮೂರೇ ಪ್ರಶ್ನೆ. ಮಗುವನ್ನು ಯಾರು ಕರೆದುಕೊಂಡು ಹೋದರು? ಎಷ್ಟು ಹೊತ್ತಿಗೆ? ನಿಮ್ಮಲ್ಲಿ ಯಾರು ಕಳಿಸಿದರು? ಶಿಬಿರದಲ್ಲಿ ಹಾಜರಿ ಪುಸ್ತಕ ಇತ್ತು. ಅದರಲ್ಲಿ "ಬಂದ ಸಮಯ", "ಹೊರಟ ಸಮಯ", "ಸಹಿ" ಎಂದು ಮೂರು ಕಾಲಂ ಕೂಡ ಇದ್ದವು. ಆದರೂ ಒಂದು ಪ್ರಶ್ನೆಗೂ ಅದರಲ್ಲಿ ಉತ್ತರ ಸಿಗಲಿಲ್ಲ.

ನಾನು ಆ ಪುಸ್ತಕ ತೆರೆದು ಕೂತೆ. ಆ ದಿನದ ಪುಟದಲ್ಲಿ "ಹೊರಟ ಸಮಯ"ದ ಕೆಳಗೆ ಮೊದಲ ಸಾಲಿನಲ್ಲಿ 4:30 ಎಂದು ಬರೆದಿತ್ತು. ಅದರ ಕೆಳಗೆ ಪುಟದ ಕೊನೆಯವರೆಗೆ ಎರಡೆರಡು ಗೀಟು, ಅಂದರೆ ಮೇಲಿನದೇ. ಸಹಿಯ ಕಾಲಂನಲ್ಲಿ ಒಂದೇ ನೀಲಿ ಪೆನ್ನು, ಒಂದೇ ಕೈ. 4:17ಕ್ಕೆ ಹೊರಟ ಹುಡುಗಿಯ ಮುಂದೆಯೂ ಅದೇ ಗೀಟು. ಇನ್ನೂ ನಾಲ್ಕು ಸಾಲು ಕೆಳಗೆ ಒಬ್ಬ ಹುಡುಗನ ಹೆಸರಿತ್ತು. ಬೆಳಗಿನ ಕಾಲಂನಲ್ಲಿ ಅವನಿಗೆ ಕೆಂಪು ಶಾಯಿಯಲ್ಲಿ "ಗೈರು" ಎಂದು ಹಾಕಿದ್ದರು. ಸಂಜೆ ಅವನೂ 4:30ಕ್ಕೆ ಹೊರಟಿದ್ದ!

ಯಾವುದೇ ಶಿಬಿರದ ದಾಖಲೆ ನಿಜವೋ ಸುಳ್ಳೋ ಎಂದು ತಿಳಿಯಲು ನಾನು ಮೊದಲು ನೋಡುವುದು ಇದನ್ನೇ. ಎಂಬತ್ತು ಮಕ್ಕಳು ಒಂದೇ ನಿಮಿಷಕ್ಕೆ ಗೇಟು ದಾಟಲು ಆಗುವುದಿಲ್ಲ. ನಿಜವಾದ ಪುಟದಲ್ಲಿ 4:22, 4:26, 4:41 ಎಂದು ಸಮಯ ಹಿಂದೆ ಮುಂದೆ ಇರುತ್ತದೆ. ಸಹಿಗಳು ವಕ್ರವಾಗಿರುತ್ತವೆ, ಒಂದಿಬ್ಬರು ಹೆಬ್ಬೆಟ್ಟು ಒತ್ತಿರುತ್ತಾರೆ. ಮಳೆ ಬಂದ ದಿನ ಕಾಗದದ ಮೇಲೆ ನೀರಿನ ಕಲೆ ಇರುತ್ತದೆ. ಪುಟ ತುಂಬಾ ನೀಟಾಗಿದ್ದರೆ ಅದನ್ನು ಎಲ್ಲ ಮಕ್ಕಳು ಹೋದ ಮೇಲೆ ಕೂತು ತುಂಬಿದ್ದಾರೆ ಎಂದೇ ಅರ್ಥ.

ಬೆಳಗಿನ ಹಾಜರಿಯಲ್ಲೂ ಒಂದು ಬಿರುಕು ಇತ್ತು. ಅದು ಆ ದಿನದ ಘಟನೆಗೆ ಕಾರಣವಲ್ಲ, ಆದರೂ ಹೇಳಬೇಕು. ಗುಂಪಿನ ಅಣ್ಣ ಅಕ್ಕಂದಿರು ಹಾಜರಿ ಹಾಕುತ್ತಿದ್ದದ್ದು 10:30ಕ್ಕೆ, ಮೊದಲ ಆಟ ಮುಗಿದ ಮೇಲೆ. ಮಕ್ಕಳು ಗೇಟಿನಲ್ಲಿ ಇಳಿಯುತ್ತಿದ್ದದ್ದು 9:15ರಿಂದ. ಅಪ್ಪ ಅಮ್ಮ ಗಾಡಿಯಿಂದ ಇಳಿಸಿ ಟಾಟಾ ಮಾಡಿ ಹೊರಟುಬಿಡುತ್ತಿದ್ದರು. ಅಂದರೆ ಒಂದು ಗಂಟೆಗೂ ಹೆಚ್ಚು ಹೊತ್ತು ಮಗು ಮನೆಯವರ ಲೆಕ್ಕದಲ್ಲಿ ಶಿಬಿರದಲ್ಲಿದೆ, ಶಿಬಿರದ ಲೆಕ್ಕದಲ್ಲಿ ಇನ್ನೂ ಬಂದೇ ಇಲ್ಲ. ಆ ಹೊತ್ತಿನಲ್ಲಿ ಮಗು ಗೇಟಿನಿಂದ ಹಾಗೇ ವಾಪಸ್ ನಡೆದು ಹೋದರೆ 10:30ಕ್ಕೆ "ಗೈರು" ಎಂದು ಬೀಳುತ್ತದೆ. ಸಂಜೆಯವರೆಗೆ ಯಾರಿಗೂ ಗೊತ್ತಾಗುವುದಿಲ್ಲ.

ತಪ್ಪು ಎಲ್ಲಿ ಶುರುವಾಯಿತು

ಸಮಿತಿಯ ಸಭೆಯಲ್ಲಿ ಎಲ್ಲರ ಕಣ್ಣೂ ಬಾಗಿಲಿನ ಹುಡುಗನ ಮೇಲೆ. ಅವನು ತಲೆ ತಗ್ಗಿಸಿ ಕೂತಿದ್ದ. ನನಗೆ ಅದು ಸರಿ ಎನ್ನಿಸಲಿಲ್ಲ. ಅವನ ಕೈಯಲ್ಲಿ ಪಟ್ಟಿ ಇರಲಿಲ್ಲ, ಮೇಜಿನ ಮೇಲೆ ಚೀಟಿ ಇತ್ತು. ಚೀಟಿ ಇದ್ದದ್ದರಿಂದ ಅವನ ಮಟ್ಟಿಗೆ ಚಿಕ್ಕಪ್ಪ ಆಗಲೇ ಒಪ್ಪಿಗೆ ಪಡೆದ ಮನುಷ್ಯ. ತಪ್ಪು ನಡೆದದ್ದು ನಾಲ್ಕು ಗಂಟೆ ಮೊದಲು, ಫೋನಿನಲ್ಲಿ.

ಫೋನ್ ಮಾಡಿದವರು "ನಾನು ತಂದೆ" ಎಂದರು. ಈ ಪ್ರಕರಣದಲ್ಲಿ ಅದು ನಿಜವೇ ಆಗಿತ್ತು. ಆದರೆ ಫೋನ್ ತೆಗೆದವಳಿಗೆ ಅದು ತಿಳಿಯುವ ದಾರಿಯೇ ಇರಲಿಲ್ಲ. ಯಾರು ಬೇಕಾದರೂ ಮಗುವಿನ ಹೆಸರು, ಗುಂಪು, ಬಿಡುವ ಸಮಯ ತಿಳಿದುಕೊಂಡು ಹೀಗೆ ಮಾತಾಡಬಹುದು. ಅದಕ್ಕೆ ಒಂದೇ ಉಪಾಯ. ಬಂದ ಕರೆಯಲ್ಲಿ ಒಪ್ಪಿಗೆ ಕೊಡಬಾರದು. "ಆಯ್ತು ಸಾರ್, ಅರ್ಜಿಯಲ್ಲಿರೋ ನಂಬರಿಗೆ ನಾವೇ ಮಾಡ್ತೀವಿ" ಎಂದು ಇಟ್ಟು, ಫೈಲು ತೆಗೆದು, ಮಗುವನ್ನು ಸೇರಿಸಿದವರು ತಮ್ಮ ಕೈಯಾರೆ ಬರೆದ ನಂಬರಿಗೆ ಫೋನ್ ಮಾಡಬೇಕು. ಕರೆ ಬಂದ ನಂಬರಿಗೇ ತಿರುಗಿ ಮಾಡಿದರೆ ಏನೂ ಉಪಯೋಗವಿಲ್ಲ, ಅದೇ ಮನುಷ್ಯ ಮತ್ತೆ ತೆಗೆಯುತ್ತಾನೆ. ಆ ಮಧ್ಯಾಹ್ನ ಅರ್ಜಿಯಲ್ಲಿದ್ದ ನಂಬರಿಗೆ ಒಂದು ಕರೆ ಹೋಗಿದ್ದರೆ ತಾಯಿ ತೆಗೆಯುತ್ತಿದ್ದರು, ವಿಷಯ ಅಲ್ಲಿಗೇ ನಿಲ್ಲುತ್ತಿತ್ತು.

ಇನ್ನು ಬಾಗಿಲಲ್ಲಿ ಮಗುವನ್ನು ಕೇಳಿದ ವಿಷಯ. ಇದನ್ನು ಎಲ್ಲ ಶಿಬಿರಗಳಲ್ಲೂ ನೋಡಿದ್ದೇನೆ. ಮಗು ಗುರುತು ಹಿಡಿದರೆ ಸಾಕು ಎಂಬ ನಂಬಿಕೆ ಬಲವಾಗಿದೆ. ಅಪರಿಚಿತರು ಚಾಕೊಲೇಟ್ ಕೊಟ್ಟು ಕರೆದುಕೊಂಡು ಹೋಗುತ್ತಾರೆ ಎಂಬ ಚಿತ್ರವೇ ನಮ್ಮ ತಲೆಯಲ್ಲಿ ಕೂತಿರುವುದು ಇದಕ್ಕೆ ಕಾರಣ. ಗೇಟಿನಲ್ಲಿ ನಿಜವಾಗಿ ತೊಂದರೆ ಬರುವುದು ಜಾಸ್ತಿ ಪರಿಚಿತರಿಂದ. ಬೇರೆಯಾದ ತಂದೆ ಅಥವಾ ತಾಯಿ, ಜಗಳವಾಡಿಕೊಂಡ ನೆಂಟರು, ಮನೆಗೆ ಬಂದು ಹೋಗುವ ಯಾರೋ. ಮಗು ಇವರನ್ನೆಲ್ಲ ಗುರುತು ಹಿಡಿಯುತ್ತದೆ, ಪ್ರೀತಿಯಿಂದ ಕೈ ಹಿಡಿಯುತ್ತದೆ. ಮಗುವಿನ ಉತ್ತರದಿಂದ ತಿಳಿಯುವುದು ಪರಿಚಯ ಇದೆಯೋ ಇಲ್ಲವೋ ಎಂಬುದಷ್ಟೇ. ಕಳಿಸಬಹುದೋ ಇಲ್ಲವೋ ಎಂಬುದನ್ನು 7 ವರ್ಷದ ಮಗುವಿನ ತಲೆಗೆ ಹೊರಿಸಬಾರದು. ಮಗು ಹಿಂಜರಿದರೆ, ಮುಖ ಬಾಡಿದರೆ, "ಬೇಡ" ಎಂದರೆ ಮಾತ್ರ ಅದನ್ನು ಪೂರ್ತಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆಗ ಪಟ್ಟಿಯಲ್ಲಿ ಹೆಸರಿದ್ದರೂ ನಿಲ್ಲಿಸಿ ಮಾತಾಡಬೇಕು. ಮಗುವಿನ "ಬೇಡ"ಕ್ಕೆ ಬೆಲೆ ಇದೆ, "ಹೌದು"ಗೆ ಇಲ್ಲ. ಬಾಗಿಲಲ್ಲಿ ನಿಲ್ಲುವ ಹುಡುಗರಿಗೆ ಇದನ್ನು ವಿವರಿಸಲು ನಾನು ಜಾಸ್ತಿ ಹೊತ್ತು ತೆಗೆದುಕೊಂಡೆ. ಯಾಕೆಂದರೆ ಮೊದಲಿಗೆ ಇದು ಯಾರಿಗೂ ಒಪ್ಪಿಗೆಯಾಗುವುದಿಲ್ಲ.

ಅಪ್ಪನೇ ಬಂದಿದ್ದರೆ?

ಸಮಿತಿಯಲ್ಲಿ ಒಬ್ಬ ಮೇಷ್ಟ್ರು ಕೇಳಿದ ಪ್ರಶ್ನೆ ಇದು. "ಮೇಡಂ, ಚಿಕ್ಕಪ್ಪ ಬಿಡಿ. ಅಪ್ಪನೇ ಬಂದು ನನ್ನ ಮಗಳನ್ನು ಕಳಿಸಿ ಅಂದ್ರೆ ನಾವು ಯಾರು ತಡೆಯೋಕೆ?" ಇಡೀ ಪ್ರಕರಣದಲ್ಲಿ ಕಷ್ಟದ ಜಾಗ ಇದೇ.

ಈ ಕುಟುಂಬಕ್ಕೆ ಅನ್ವಯಿಸುವುದು 1956ರ ಹಿಂದೂ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆ. ಅದರ 6ನೇ ಸೆಕ್ಷನ್ ತಂದೆಯನ್ನು, ಆತನ ನಂತರ ತಾಯಿಯನ್ನು ಸಹಜ ಪೋಷಕರು ಎನ್ನುತ್ತದೆ. 5 ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎಂದೂ ಹೇಳುತ್ತದೆ. 1999ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ತಂದೆ ಬದುಕಿರುವಾಗಲೂ, ಮಗುವಿನ ಜವಾಬ್ದಾರಿ ಅವರು ನೋಡಿಕೊಳ್ಳದೆ ಇದ್ದಾಗ ತಾಯಿ ಸಹಜ ಪೋಷಕಿಯಾಗಬಹುದು ಎಂದಿತು. ಅಂದರೆ ನ್ಯಾಯಾಲಯ ಆದೇಶ ಕೊಡುವವರೆಗೆ ತಂದೆ ಮಗುವಿಗೆ ಹೊರಗಿನವರಲ್ಲ. ಈ ಕುಟುಂಬದ ಕೇಸು ನಡೆಯುತ್ತಿತ್ತು, ಆದರೆ ಮಗು ಯಾರ ಬಳಿ ಇರಬೇಕು ಎಂಬ ಆದೇಶ ಇನ್ನೂ ಬಂದಿರಲಿಲ್ಲ.

ಹಾಗಾದರೆ ಶಿಬಿರದವರು ನ್ಯಾಯಾಧೀಶರಾಗಬೇಕೇ? ಖಂಡಿತ ಬೇಡ. ಗೇಟಿನಲ್ಲಿ ನಿಂತವರು ಯಾರ ಹಕ್ಕು ದೊಡ್ಡದು ಎಂದು ತೀರ್ಮಾನಿಸಲು ಹೋಗಬಾರದು. ಅವರು ಮಾಡಬೇಕಾದದ್ದು ಇಷ್ಟು. ಬಂದವರನ್ನು ಕೂರಿಸಿ, ನೀರು ಕೊಟ್ಟು, ಮಗುವನ್ನು ಸೇರಿಸಿದವರಿಗೆ ಫೋನ್ ಮಾಡಬೇಕು. ಅವರು ಒಪ್ಪಿದರೆ ಅದನ್ನು ಬರೆದುಕೊಂಡು ಕಳಿಸಬಹುದು. ಒಪ್ಪದಿದ್ದರೆ ಇಬ್ಬರೂ ಬರುವವರೆಗೆ ಮಗು ಒಳಗೇ ಇರುತ್ತದೆ. ಜೋರು ಮಾಡಿದರೆ 112ಕ್ಕೆ ಕರೆ. ಈ ಹೊತ್ತಿನಲ್ಲಿ ಮಗುವನ್ನು ಬೇರೆ ಕೋಣೆಯಲ್ಲಿ ಆಟಕ್ಕೆ ಕೂರಿಸಬೇಕು. ಅಪ್ಪ ಅಮ್ಮನ ಜಗಳ ಅದರ ಎದುರಿಗೆ ಆಗಬಾರದು.

ಈ ಕ್ರಮವನ್ನು ಅರ್ಜಿಯಲ್ಲೇ ಬರೆದು ಸೇರಿಸುವ ದಿನವೇ ಸಹಿ ಪಡೆಯಬೇಕು. ಅದೇ ಅರ್ಜಿಯಲ್ಲಿ ಇನ್ನೊಂದು ಪ್ರಶ್ನೆ ಸೇರಿಸಿದೆವು. "ಮಗುವನ್ನು ಯಾರಿಗಾದರೂ ಒಪ್ಪಿಸಬಾರದು ಎಂಬ ಕೋರ್ಟ್ ಆದೇಶ ಇದೆಯೇ? ಇದ್ದರೆ ಪ್ರತಿ ಕೊಡಿ." ಬಾಯಿಮಾತಿನಲ್ಲಿ "ಅವರಿಗೆ ಕಳಿಸಬೇಡಿ" ಎಂದರೂ ಬರೆದುಕೊಳ್ಳುತ್ತೇವೆ. ಆದರೆ ಆದೇಶ ಕೈಯಲ್ಲಿದ್ದರೆ ಪೊಲೀಸರು ಬಂದಾಗ ಮಾತು ಒಂದೇ ನಿಮಿಷಕ್ಕೆ ಮುಗಿಯುತ್ತದೆ, ಇಲ್ಲದಿದ್ದರೆ ರಾತ್ರಿಯವರೆಗೆ ಎಳೆಯುತ್ತದೆ. ತಂದೆಯ ಜಾಗ ಖಾಲಿ ಬಿಟ್ಟ ಅರ್ಜಿ ಬಂದರೆ ಈಗ ಅಕ್ಕಂದಿರಲ್ಲಿ ಒಬ್ಬರು ಆ ತಾಯಿಯನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳುತ್ತಾರೆ. ಸಾಲಿನಲ್ಲಿ ಎಲ್ಲರ ಎದುರು ಕೇಳುವ ವಿಷಯವಲ್ಲ ಅದು.

ಶಿಬಿರ ಮತ್ತೆ ಶುರುವಾದಾಗ

ಶಿಬಿರವನ್ನು ನಿಲ್ಲಿಸಲಿಲ್ಲ. ಎರಡು ದಿನ ಬಿಡುವು ಕೊಟ್ಟು ಹೊಸ ಕ್ರಮ ಮಾಡಿಕೊಂಡೆವು. ಮೊದಲು ಪಟ್ಟಿ ಬೀರುವಿನಿಂದ ಗೇಟಿಗೆ ಬಂತು. ಪ್ರತಿ ಮಗುವಿಗೂ ಒಂದು ಹಾಳೆ. ಅದರಲ್ಲಿ ಮಗುವಿನ ಫೋಟೊ, ಕರೆದುಕೊಂಡು ಹೋಗಬಹುದಾದ ಗರಿಷ್ಠ ನಾಲ್ವರ ಫೋಟೊ, ಹೆಸರು, ಮಗುವಿಗೆ ಏನಾಗಬೇಕು ಎಂಬುದು. ಮನೆ ವಿಳಾಸ, ಫೋನ್ ನಂಬರ್ ಈ ಹಾಳೆಯಲ್ಲಿ ಇಲ್ಲ. ಗೇಟಿನಲ್ಲಿ ತೆರೆದಿಟ್ಟ ಹಾಳೆಯನ್ನು ಯಾರಾದರೂ ಮೊಬೈಲಲ್ಲಿ ಫೋಟೊ ತೆಗೆದುಕೊಂಡು ಹೋಗಬಹುದು. ನಂಬರುಗಳು ಶಿಬಿರದ ಮುಖ್ಯಸ್ಥರ ಬಳಿ ಬೇರೆ ಪುಸ್ತಕದಲ್ಲಿ. ಶಿಬಿರ ಮುಗಿದು, ಬಾಕಿ ವಿಷಯ ಏನೂ ಇಲ್ಲವೆಂದಾದ ಮೇಲೆ ಫೋಟೊ ಹಾಳೆಗಳನ್ನು ಹರಿದು ಹಾಕುತ್ತಾರೆ. ಹೊರಟ ದಾಖಲೆಯ ಪುಸ್ತಕ ಮಾತ್ರ ಉಳಿಯುತ್ತದೆ.

ಕೆಲವರು ಪೋಷಕರಿಗೆ ಒಂದೊಂದು ಕಾರ್ಡ್ ಕೊಟ್ಟುಬಿಡೋಣ, ತಂದು ತೋರಿಸಿದವರಿಗೆ ಮಗು ಕೊಡೋಣ ಎಂದರು. ತುಂಬಾ ಕಡೆ ಹಾಗೇ ಮಾಡುತ್ತಾರೆ. ನಾನು ಬೇಡ ಎಂದೆ. ಕಾರ್ಡ್ ಕೈಯಿಂದ ಕೈಗೆ ಹೋಗುತ್ತದೆ. ಮನೆಯ ಮೊಳೆಗೆ ನೇತು ಹಾಕಿರುತ್ತದೆ, ಮಗುವಿನ ಬ್ಯಾಗಿನಲ್ಲೇ ಇರುತ್ತದೆ. ಅದು ಯಾರ ಕೈಗೆ ಸಿಕ್ಕರೆ ಅವರೇ ಪೋಷಕರು ಎಂದಾಗುತ್ತದೆ. ಗುಟ್ಟಿನ ಮಾತು ಇಟ್ಟುಕೊಳ್ಳೋಣ ಎಂಬ ಸಲಹೆಗೂ ಅದೇ ಗತಿ. ಒಂದೇ ದಿನದಲ್ಲಿ ಅದು ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಇರುತ್ತದೆ. ಗುರುತಿನ ಹಾಳೆ ಶಿಬಿರದ ಕೈಯಲ್ಲೇ ಇದ್ದರೆ, ಬಂದವರು ತಮ್ಮ ಮುಖ ತೋರಿಸಿದರೆ ಸಾಕು. ಮುಖ ತೋರಿಸಲು ಹೆಲ್ಮೆಟ್ ಮತ್ತು ಮಾಸ್ಕ್ ತೆಗೆಯಬೇಕು. ಇದನ್ನು ಬೋರ್ಡಿನಲ್ಲಿ ಬರೆಸಿದೆವು. ಮೊದಮೊದಲು ಹೆಲ್ಮೆಟ್ ತೆಗೆಯಲು ಗೊಣಗಾಡಿದವರು ಇದ್ದರು.

ಸಮಯದ ಚಿಂತೆ ಎಲ್ಲರಿಗೂ ಇತ್ತು. 84 ಮಕ್ಕಳು, ಒಬ್ಬರಿಗೆ 20 ಸೆಕೆಂಡ್ ಎಂದುಕೊಂಡರೂ ಒಂದೇ ಮೇಜಿನಲ್ಲಿ 28 ನಿಮಿಷ. ಮಳೆಯಲ್ಲಿ ಯಾರೂ ಅಷ್ಟು ಹೊತ್ತು ನಿಲ್ಲುವುದಿಲ್ಲ, ಮತ್ತೆ ಪಕ್ಕದ ಗೇಟು ತೆರೆಯುತ್ತದೆ. ಅದಕ್ಕೆ ವಯಸ್ಸಿನ ಗುಂಪಿನಂತೆ ಮೂರು ಮೇಜು ಹಾಕಿದೆವು. ಒಂದಕ್ಕೆ 28 ಮಕ್ಕಳು, ಹತ್ತು ನಿಮಿಷದೊಳಗೆ ಮುಗಿಯುತ್ತದೆ. ಮೂರೂ ಮೇಜು ಮುಖಮಂಟಪದ ಕೆಳಗೆ, ಜನ ನೆನೆಯದ ಜಾಗದಲ್ಲಿ. ಪಕ್ಕದ ಗೇಟಿನ ಬೀಗದ ಕೀಲಿ ಮುಖ್ಯಸ್ಥರ ಸೊಂಟದಲ್ಲಿ. ಮಕ್ಕಳು ಹಾಲಿನ ಒಳಗೆ ಕೂತಿರುತ್ತಾರೆ. ಮೇಜಿನಲ್ಲಿ ಗುರುತು ಹಿಡಿದು, ಸಮಯ ಬರೆದು, ಬಂದವರ ಸಹಿ ಆದ ಮೇಲೆ ಹೆಸರು ಕೂಗುತ್ತಾರೆ. ಮೊದಲು ಮಗು ಬಂದು ಆಮೇಲೆ ಸಹಿ ಎಂದರೆ ಸಹಿ ಯಾವತ್ತೂ ಆಗುವುದಿಲ್ಲ. ಮಗು ಕೈಗೆ ಬಂದ ಕೂಡಲೇ ಜನ ಹೊರಟುಬಿಡುತ್ತಾರೆ.

ಹೊರಟ ಪುಸ್ತಕದ ಸಾಲು ಪೊಲೀಸರ ಆ ಮೂರು ಪ್ರಶ್ನೆಗೆ ಸರಿಯಾಗಿ ಇದೆ. ಕರೆದುಕೊಂಡು ಹೋದವರ ಹೆಸರು ಮತ್ತು ಸಹಿ, ಗಡಿಯಾರ ನೋಡಿ ಬರೆದ ಸಮಯ, ಕಳಿಸಿದವರ ಹೆಸರು. ಗೀಟು ಹಾಕುವಂತಿಲ್ಲ. ಬೆಳಗ್ಗೆ ಇದೇ ಮೂರು ಮೇಜಿನಲ್ಲಿ, ಬಿಡಲು ಬಂದವರು ಇರುವಾಗಲೇ ಬಂದ ಸಮಯ ಬರೆಯುತ್ತಾರೆ. ಆಟೋದಲ್ಲಿ ಬರುವ ಮಕ್ಕಳಿಗೆ ಆಟೋ ಅಣ್ಣನ ಫೋಟೊ ಹಾಳೆಯೂ ಇದೆ. 10 ಗಂಟೆಗೆ ಬಾರದ ಮಕ್ಕಳ ಮನೆಗೆ ಫೋನ್ ಹೋಗುತ್ತದೆ. ಸಂಜೆ ಮುಖ್ಯಸ್ಥರು ಬಂದ ಲೆಕ್ಕ ಮತ್ತು ಹೊರಟ ಲೆಕ್ಕ ತಾಳೆ ನೋಡಿ ಸಹಿ ಹಾಕಬೇಕು. 81 ಬಂದಿದ್ದರೆ 81 ಹೋಗಿರಬೇಕು. ತಾಳೆಯಾಗದೆ ಕಾರ್ಯಕರ್ತರು ಯಾರೂ ಮನೆಗೆ ಹೊರಡುವಂತಿಲ್ಲ. ಮಗು ಸಿಗದಿದ್ದರೆ ಹತ್ತು ನಿಮಿಷ ಒಳಗೆ ಹುಡುಕುವುದು, ಆಮೇಲೆ 112. ಅರ್ಧ ಗಂಟೆ ತಮ್ಮಷ್ಟಕ್ಕೆ ಹುಡುಕುವುದು ಇನ್ನಿಲ್ಲ.

ಬದಲಾವಣೆಗೆ ಬೇರೆ ಪುಸ್ತಕ ಬಂತು. ಮಧ್ಯಾಹ್ನ 3ರವರೆಗೆ ಮಾತ್ರ ಹೊಸಬರ ಹೆಸರು ಸೇರಿಸಬಹುದು. ಯಾರು ಫೋನ್ ಮಾಡಿದರು, ನಾವು ಯಾವ ನಂಬರಿಗೆ ತಿರುಗಿ ಮಾಡಿದೆವು, ಯಾರು ತೆಗೆದರು, ಎಷ್ಟು ಹೊತ್ತಿಗೆ. ಹೊಸಬರು ಚುನಾವಣಾ ಗುರುತಿನ ಚೀಟಿಯೋ ಡ್ರೈವಿಂಗ್ ಲೈಸೆನ್ಸೋ ತಂದು ತೋರಿಸಬೇಕು. ನೋಡುತ್ತೇವೆ ಅಷ್ಟೇ, ಜೆರಾಕ್ಸ್ ಇಟ್ಟುಕೊಳ್ಳುವುದಿಲ್ಲ.

ಅಜ್ಜಿ ಬಂದ ದಿನ

ಹೊಸ ಕ್ರಮದ ನಿಜವಾದ ಪರೀಕ್ಷೆ ನಡೆದದ್ದು ಒಬ್ಬ ಅಜ್ಜಿಯಿಂದ. ಮೊಮ್ಮಗನನ್ನು ಕರೆಯಲು ಆಟೋ ಮಾಡಿಕೊಂಡು ಬಂದಿದ್ದರು. ಪಟ್ಟಿಯಲ್ಲಿ ಅಪ್ಪ, ಅಮ್ಮ, ಅತ್ತೆ ಇದ್ದರು. ಅಜ್ಜಿ ಇರಲಿಲ್ಲ. ಮೇಜಿನಲ್ಲಿ ಕೂತಿದ್ದವನು ಅದೇ ಹುಡುಗ, ಮಳೆಯ ದಿನ ಬಾಗಿಲಲ್ಲಿದ್ದವನು. ಅವನನ್ನೇ ಕೂರಿಸಬೇಕೆಂದು ನಾನು ಹೇಳಿದ್ದೆ.

"ಅಜ್ಜಿ, ನಿಮ್ಮ ಹೆಸರು ಈ ಹಾಳೇಲಿ ಇಲ್ಲ. ಒಂದೈದು ನಿಮಿಷ ಕೂತ್ಕೊಳ್ಳಿ, ಮನೆಗೆ ಫೋನ್ ಮಾಡ್ತೀವಿ."

"ಏನಪ್ಪಾ ನೀನು, ಹುಟ್ಟಿದಾಗಿಂದ ಎತ್ತಿ ಆಡ್ಸಿರೋಳು ನಾನು. ನನಗೇ ಇಲ್ಲ ಅಂತೀಯಲ್ಲ? ಕೇಳು ಅವನನ್ನೇ!"

ಒಳಗಿನಿಂದ ಮೊಮ್ಮಗ "ಅಜ್ಜೀ" ಎಂದು ಕೂಗುತ್ತಲೂ ಇದ್ದ. ಹಿಂದೆ ಸಾಲಿನಲ್ಲಿದ್ದವರು "ಪಾಪ, ಕಳಿಸಪ್ಪಾ, ವಯಸ್ಸಾದವರು" ಎಂದರು. ಹುಡುಗ ಎದ್ದು ನಿಂತು ಮಾತಾಡಿದ. "ಅಜ್ಜಿ, ನೀವು ಸುಳ್ಳು ಹೇಳ್ತಿದ್ದೀರಿ ಅಂತಲ್ಲ. ಮಗೂನ ಸೇರಿಸಿದವರು ಹೇಳದೆ ನಾನು ಯಾರಿಗೂ ಕಳಿಸೋ ಹಾಗಿಲ್ಲ." ಕುರ್ಚಿ ಹಾಕಿಸಿದ. ಮುಖ್ಯಸ್ಥರು ಅರ್ಜಿಯಲ್ಲಿದ್ದ ತಾಯಿಯ ನಂಬರಿಗೆ ಮಾಡಿದರೆ ಎತ್ತಲಿಲ್ಲ. ತಂದೆಯ ನಂಬರ್ ಹತ್ತಲಿಲ್ಲ. ಅತ್ತೆ ಎತ್ತಿದರು, ಆದರೆ ಅತ್ತೆ ಮಗುವನ್ನು ಕರೆದುಕೊಂಡು ಹೋಗಬಹುದೇ ಹೊರತು ಪಟ್ಟಿಗೆ ಹೊಸ ಹೆಸರು ಸೇರಿಸುವ ಹಾಗಿಲ್ಲ. ಅದು ಸೇರಿಸಿದ ಪೋಷಕರಿಂದಲೇ ಬರಬೇಕು. ಇಲ್ಲಿ ಎಲ್ಲರ ತಾಳ್ಮೆ ಕೆಟ್ಟಿತು. ಆಟೋದವನು ವೇಟಿಂಗ್ ಚಾರ್ಜ್ ಎಂದು ಕೂಗಿದ. ಇಪ್ಪತ್ತು ನಿಮಿಷ ಕಳೆದ ಮೇಲೆ ತಾಯಿ ತಾವೇ ತಿರುಗಿ ಮಾಡಿದರು. ಬ್ಯಾಂಕಿನಲ್ಲಿ ಸಾಲಿನಲ್ಲಿದ್ದರಂತೆ. ಅದೇ ನಂಬರಾದರೂ ಮುಖ್ಯಸ್ಥರು ಇಟ್ಟು ತಾವು ಮಾಡಿ, ಮಾತಾಡಿ, ಬದಲಾವಣೆ ಪುಸ್ತಕದಲ್ಲಿ ಬರೆದರು. 3 ಗಂಟೆ ದಾಟಿದ್ದರಿಂದ ಮುಖ್ಯಸ್ಥರೇ ವಿಶೇಷ ಒಪ್ಪಿಗೆ ಎಂದು ಕಾರಣ ಬರೆದು ಸಹಿ ಹಾಕಿದರು. ಅಜ್ಜಿ ಚೀಲದಿಂದ ಚುನಾವಣಾ ಚೀಟಿ ತೆಗೆದು ತೋರಿಸಿದರು. 4:58ಕ್ಕೆ ಮೊಮ್ಮಗನ ಜೊತೆ ಹೊರಟರು. ಸಹಿಯ ಜಾಗದಲ್ಲಿ ಹೆಬ್ಬೆಟ್ಟು.

ಮರುದಿನ ಬೆಳಗ್ಗೆ ಆ ತಾಯಿ ಬಂದು ಜಗಳ ಆಡುತ್ತಾರೆ ಎಂದುಕೊಂಡಿದ್ದರು. ಅವರು ಅಜ್ಜಿಯ ಫೋಟೊ ತಂದು ಹಾಳೆಗೆ ಅಂಟಿಸಿ ಹೋದರು. ಆ ವಾರವೇ ಇನ್ನೂ ಹಲವರು ಮನೆಯ ಹಿರಿಯರ ಫೋಟೊ ತಂದು ಕೊಟ್ಟರು. ಅರ್ಜಿ ತುಂಬುವಾಗ ಅಜ್ಜ ಅಜ್ಜಿಯರ ಹೆಸರನ್ನು ಜನ ಬರೆಯುವುದೇ ಇಲ್ಲ, ಅವರನ್ನು ಯಾರೂ ತಡೆಯುವುದಿಲ್ಲ ಎಂದುಕೊಂಡಿರುತ್ತಾರೆ. ಈಗ ಅರ್ಜಿ ಪಡೆಯುವಾಗಲೇ "ಅಜ್ಜ ಅಜ್ಜಿ ಬರೋದಿದ್ಯಾ?" ಎಂದು ಕೇಳುತ್ತಾರೆ.

ಇನ್ನೂ ಬಗೆಹರಿಯದ್ದು

ಹನ್ನೆರಡು ದಾಟಿದ ಕೆಲವು ಮಕ್ಕಳು ಸೈಕಲ್ಲಿನಲ್ಲಿ ಒಬ್ಬರೇ ಬಂದು ಹೋಗುತ್ತಾರೆ. ಅವರಿಗೆ ಯಾರ ಸಹಿ? ಸದ್ಯಕ್ಕೆ ಪೋಷಕರಿಂದ ಬರೆದ ಒಪ್ಪಿಗೆ ಪಡೆದು, ಮಗುವೇ ಸಹಿ ಹಾಕಿ ಹೊರಡುವಂತೆ ಮಾಡಿದ್ದೇವೆ. ಒಪ್ಪಿಗೆಯಲ್ಲಿ ಯಾವ ದಾರಿ, ಎಷ್ಟು ಹೊತ್ತಿಗೆ ಮನೆ ಸೇರಬೇಕು ಎಂದಿರುತ್ತದೆ. ಮಳೆ ಇದ್ದರೆ, ಕತ್ತಲಾದರೆ ಒಪ್ಪಿಗೆ ಆ ದಿನಕ್ಕೆ ರದ್ದು. ಮನೆಯವರೇ ಬರಬೇಕು. ಆದರೆ ಅಣ್ಣ 13 ವರ್ಷದವನು, ತಂಗಿ 8 ವರ್ಷದವಳು, ಇಬ್ಬರೂ ಒಂದೇ ಸೈಕಲ್ಲಿನಲ್ಲಿ ಹೋಗುವ ಮನೆ ಒಂದಿದೆ. ತಾಯಿ ತಂದೆ ಇಬ್ಬರೂ ಸಂಜೆ ಏಳರವರೆಗೆ ಗಾರ್ಮೆಂಟ್ಸ್ ಕೆಲಸದಲ್ಲಿರುತ್ತಾರೆ, ಬರಲು ಬೇರೆ ಯಾರೂ ಇಲ್ಲ. ಅಣ್ಣನನ್ನು ಪಟ್ಟಿಗೆ ಸೇರಿಸುವಂತಿಲ್ಲ, ಪಟ್ಟಿಯಲ್ಲಿರುವವರಿಗೆ 18 ತುಂಬಿರಬೇಕು ಎಂದು ನಾವೇ ಬರೆದಿದ್ದೇವೆ. ಈಗ ಅವರ ಬೀದಿಯ ಕಡೆಗೇ ಹೋಗುವ ಒಬ್ಬ ಕಾರ್ಯಕರ್ತೆ ಇಬ್ಬರನ್ನೂ ಮನೆಯವರೆಗೆ ಬಿಟ್ಟು, ಪಕ್ಕದ ಮನೆಯವರಿಂದ ಸಹಿ ತರುತ್ತಾಳೆ. ಅವಳು ರಜೆ ಹಾಕಿದ ದಿನ ಏನು ಎಂಬುದು ಮುಂದಿನ ಸಭೆಯ ಮೊದಲ ವಿಷಯ.